2% ಬಡ್ಡಿ ಏರಿದರೆ ಬಾಂಡ್ 24.94 ರೂಪಾಯಿ ಇಳಿಯಬೇಕು, ಆದರೆ 20.64 ಮಾತ್ರ ಇಳಿಯುತ್ತಿದೆ. ನನ್ನ ಲೆಕ್ಕ ಎಲ್ಲಿ ತಪ್ಪಿದೆ?

ಲೆಕ್ಕದ ಸವಿತಾ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಾಂಡ್ ನನ್ನ ಕೆಲಸವಲ್ಲ. ನಮ್ಮ ಅಪ್ಪಾಜಿ ನಿವೃತ್ತಿಯ ದುಡ್ಡಿನಲ್ಲಿ 20 ಲಕ್ಷವನ್ನು 30 ವರ್ಷದ ಸರ್ಕಾರಿ ಬಾಂಡಿಗೆ ಹಾಕಬೇಕು ಅಂತಿದ್ದಾರೆ. "ಸರ್ಕಾರದ್ದು, ಮುಳುಗಲ್ಲ" ಅನ್ನೋದು ಅವರ ಮಾತು. ಮುಳುಗಲ್ಲ, ಸರಿ. ಆದರೆ ಮಧ್ಯದಲ್ಲಿ ಆಸ್ಪತ್ರೆಗೋ ಮನೆ ರಿಪೇರಿಗೋ ಮಾರಬೇಕಾದರೆ ಎಷ್ಟು ಸಿಗುತ್ತದೆ? ಅದನ್ನು ಅವರಿಗೆ ಒಂದು ಹಾಳೆಯಲ್ಲಿ ಬರೆದು ತೋರಿಸೋಣ ಅಂತ ಕೂತೆ.

ಲೆಕ್ಕ ಸುಲಭ ಆಗಲಿ ಅಂತ ಕೂಪನ್, ಅಂದರೆ ಬಾಂಡ್ ವರ್ಷಕ್ಕೆ ಕೊಡುವ ಬಡ್ಡಿ, 7%; ಯೀಲ್ಡ್, ಅಂದರೆ ಇವತ್ತಿನ ಬೆಲೆಗೆ ಕೊಂಡವರಿಗೆ ಕೊನೆಯವರೆಗೆ ಬೀಳುವ ಬಡ್ಡಿ ದರ, ಅದೂ 7%; ಬೆಲೆ 100, ಆರು ತಿಂಗಳಿಗೊಮ್ಮೆ ಬಡ್ಡಿ ಅಂತ ಇಟ್ಟುಕೊಂಡೆ. ಮಾಡಿಫೈಡ್ ಡ್ಯುರೇಷನ್ 12.47 ಬಂತು. ಅಂದರೆ ಯೀಲ್ಡ್ 1% ಏರಿದರೆ ಬೆಲೆ 12.47% ಇಳಿಯುತ್ತದೆ, 2% ಏರಿದರೆ 24.94%. 20 ಲಕ್ಷಕ್ಕೆ ಹತ್ತಿರ ಹತ್ತಿರ 5 ಲಕ್ಷ ಹೋಯಿತು. ಅಪ್ಪಾಜಿಗೆ ಹಾಗೇ ಹೇಳಿದೆ, ಅವರು ಗಾಬರಿಯಾದರು.

ಆಮೇಲೆ ಸ್ಪ್ರೆಡ್‌ಶೀಟ್‌ನಲ್ಲಿ ನೇರವಾಗಿ ಬೆಲೆ ತೆಗೆದು ನೋಡಿದೆ:

```
=PV(0.07/2, 60, -3.5, -100)
=PV(0.09/2, 60, -3.5, -100)
```

ಮೊದಲನೆಯದು 100. ಎರಡನೆಯದು 79.36. ಅಂದರೆ ಇಳಿದದ್ದು 20.64 ಮಾತ್ರ. 20 ಲಕ್ಷಕ್ಕೆ 4.13 ಲಕ್ಷ. ಎರಡು ಲೆಕ್ಕಕ್ಕೂ 86 ಸಾವಿರ ರೂಪಾಯಿ ವ್ಯತ್ಯಾಸ! ಮೂರು ಸಲ ನೋಡಿದೆ, ಟೈಪಿಂಗ್ ತಪ್ಪೇನೂ ಕಾಣಲಿಲ್ಲ. ಯಾವುದನ್ನು ನಂಬಲಿ?

---

ರವಿ ವಿದ್ಯಾನಗರ

ಅಕ್ಕ, ಕೊನೆಯವರೆಗೂ ಇಟ್ಟುಕೊಂಡರೆ 100ಕ್ಕೆ 100 ವಾಪಸ್ ಬರುತ್ತೆ ಅಲ್ವಾ? ಮಧ್ಯದಲ್ಲಿ ಬೆಲೆ ಏನಾದರೆ ನಮಗೇನು? ನಮ್ಮ ತಾತ ಎಫ್‌ಡಿ ಬಿಟ್ಟು ಬೇರೇನೂ ನೋಡಲಿಲ್ಲ, ನೆಮ್ಮದಿಯಾಗಿದ್ದರು. ಈಗ ಎಫ್‌ಡಿಗೆ ಎಷ್ಟು ಬಡ್ಡಿ ಕೊಡ್ತಾರೆ ಅಂತ ಯಾರಾದರೂ ಹೇಳಿ.

---

ಲೆಕ್ಕದ ಸವಿತಾ

ರವಿ, ಅಪ್ಪಾಜಿಗೆ ಈಗ 62 ವರ್ಷ. 30 ವರ್ಷ ಮುಟ್ಟದೇ ಇರುತ್ತೇವೆ ಅಂತ ನಾನು ಹೇಗೆ ಹೇಳಲಿ? ಮಧ್ಯದಲ್ಲಿ ಮಾರಿದರೆ ಏನಾಗುತ್ತೆ ಅನ್ನೋದೇ ನನ್ನ ಪ್ರಶ್ನೆ. ಎಫ್‌ಡಿ ಬಗ್ಗೆ ಬೇರೆ ಕಡೆ ಕೇಳಿ ಪ್ಲೀಸ್.

---

ಕಾರ್ತಿಕ್ ಎಸ್

ಇದು ಕಾನ್ವೆಕ್ಸಿಟಿ ಮೇಡಂ. ನಾನು ಎಂಬಿಎ ಫೈನಾನ್ಸ್ ಎರಡನೇ ವರ್ಷ. ಡ್ಯುರೇಷನ್ ಸಣ್ಣ ಬದಲಾವಣೆಗೆ ಮಾತ್ರ ಸರಿ. ದೊಡ್ಡ ಬದಲಾವಣೆಗೆ ಇನ್ನೊಂದು ಭಾಗ ಕೂಡಿಸಬೇಕು:

```
ΔP/P = -D × Δy + ½ × C × (Δy)²
```

ಇಲ್ಲಿ P ಬೆಲೆ, D ಡ್ಯುರೇಷನ್, C ಕಾನ್ವೆಕ್ಸಿಟಿ, Δy ಯೀಲ್ಡಿನ ಬದಲಾವಣೆ. ಎರಡನೇ ಭಾಗ ವರ್ಗ ಆಗಿರೋದರಿಂದ ಬಡ್ಡಿ ಏರಲಿ, ಇಳಿಯಲಿ, ಅದು ಯಾವಾಗಲೂ ಪ್ಲಸ್. ಏರಿದಾಗ ನಷ್ಟ ಕಡಿಮೆ, ಇಳಿದಾಗ ಲಾಭ ಜಾಸ್ತಿ. ಎರಡೂ ಕಡೆ ನಮಗೇ ಅನುಕೂಲ. ಅದಕ್ಕೇ ಜಾಸ್ತಿ ಕಾನ್ವೆಕ್ಸಿಟಿ ಇರುವ ಬಾಂಡನ್ನೇ ತಗೋಬೇಕು. ಕೂಪನ್ನೇ ಇಲ್ಲದ ಜೀರೋ ಕೂಪನ್ ಬಾಂಡಿಗೆ ಅತಿ ಹೆಚ್ಚು ಕಾನ್ವೆಕ್ಸಿಟಿ ಇರುತ್ತದೆ. ನಿಮ್ಮ ತಂದೆಯವರಿಗೆ ಅದನ್ನೇ ಹೇಳಿ.

---

ನಿವೃತ್ತ ಡೀಲರ್, ಪಿ.ಜೆ. ಬಡಾವಣೆ

ಸವಿತಾ ಅವರೇ, ನಿಮ್ಮ ಎರಡು ಲೆಕ್ಕದಲ್ಲಿ ಯಾವುದರಲ್ಲೂ ಕೂಡು ಕಳೆ ತಪ್ಪಿಲ್ಲ. 79.36 ನಿಜವಾದ ಬೆಲೆ. ನೂರರಲ್ಲಿ 24.94 ಕಳೆದರೆ ಬರುವ 75.06 ಅನ್ನೋದು ಅಂದಾಜು. ಆ ಅಂದಾಜು ಯಾಕೆ ಅಷ್ಟು ದೂರ ಹೋಯಿತು ಅನ್ನೋದನ್ನು ನಿಧಾನವಾಗಿ ನೋಡೋಣ. ನಾನು ಒಂದು ಬ್ಯಾಂಕಿನ ಟ್ರೆಜರಿಯಲ್ಲಿ ವರ್ಷಗಟ್ಟಲೆ ಸರ್ಕಾರಿ ಬಾಂಡ್ ಕೊಂಡು ಮಾರಿದವನು. ಈ ವಿಷಯ ನನಗೆ ಬಹಳ ಇಷ್ಟ.

ನಿಮ್ಮ ಅದೇ ಸೂತ್ರದಲ್ಲಿ ಯೀಲ್ಡನ್ನು 5, 6, 7, 8, 9 ಅಂತ ಹಾಕಿ ಐದು ಬೆಲೆ ತೆಗೆಯಿರಿ. ನನಗೆ ಬಂದದ್ದು ಇದು: 5%ಗೆ 130.91, 6%ಗೆ 113.84, 7%ಗೆ 100, 8%ಗೆ 88.69, 9%ಗೆ 79.36.

ಈಗ ಪಕ್ಕಪಕ್ಕದ ಬೆಲೆಗಳ ನಡುವಿನ ವ್ಯತ್ಯಾಸ ನೋಡಿ. 5ರಿಂದ 6ಕ್ಕೆ ಹೋದರೆ 17.07 ರೂಪಾಯಿ ಹೋಗುತ್ತದೆ. 6ರಿಂದ 7ಕ್ಕೆ 13.84. 7ರಿಂದ 8ಕ್ಕೆ 11.31. 8ರಿಂದ 9ಕ್ಕೆ 9.33. ಪ್ರತಿ ಸಲವೂ ಯೀಲ್ಡ್ ಏರಿದ್ದು ಅದೇ 1%, ಆದರೆ ಪೆಟ್ಟು ಪ್ರತಿ ಸಲವೂ ಕಡಿಮೆ. ನಿಮ್ಮ 12.47 ಇರೋದು 7%ರಲ್ಲಿ ನಿಂತು ನೋಡಿದಾಗಿನ ಇಳಿಜಾರು. ಅದೇ ಇಳಿಜಾರು 9%ರವರೆಗೂ ಇರುತ್ತದೆ ಅಂತ ನೀವು ಹಿಡಿದಿರಿ. ಅಲ್ಲಿ ಹೋಯಿತು ಲೆಕ್ಕ.

ಇಳಿಜಾರು ಯಾಕೆ ಕಡಿಮೆ ಆಗುತ್ತದೆ? ಯೀಲ್ಡ್ ಏರಿದಾಗ ದೂರದ ದುಡ್ಡು ಜಾಸ್ತಿ ಸವೆಯುತ್ತದೆ, ಹತ್ತಿರದ ದುಡ್ಡು ಕಡಿಮೆ ಸವೆಯುತ್ತದೆ. 30ನೇ ವರ್ಷ ಬರುವ 100 ರೂಪಾಯಿಯ ಇವತ್ತಿನ ಬೆಲೆ 7%ರಲ್ಲಿ 12.69. 9%ರಲ್ಲಿ 7.13 ಮಾತ್ರ. ಆದರೆ ಆರು ತಿಂಗಳಲ್ಲಿ ಬರುವ 3.50ಗೆ ಏನೂ ಆಗೋದಿಲ್ಲ, ಮೂರೋ ನಾಲ್ಕೋ ಪೈಸೆ ಕಡಿಮೆ ಅಷ್ಟೇ. ಹಾಗಾಗಿ ಒಟ್ಟು ಬೆಲೆಯಲ್ಲಿ ದೂರದ ದುಡ್ಡಿನ ಪಾಲು ಕುಗ್ಗುತ್ತದೆ. ಬಾಂಡ್ ತಾನಾಗಿಯೇ "ಗಿಡ್ಡ" ಆಗುತ್ತದೆ. 9% ಹತ್ತಿರ ಇದೇ ಬಾಂಡಿನ ಮಾಡಿಫೈಡ್ ಡ್ಯುರೇಷನ್ 10.69. 5%ರಲ್ಲಿ 14.5. ಡ್ಯುರೇಷನ್ ಒಂದು ಕಡೆ ನಿಲ್ಲುವ ಸಂಖ್ಯೆಯಲ್ಲ. ಅದು ಎಷ್ಟು ಬೇಗ ಬದಲಾಗುತ್ತದೆ ಅಂತ ಹೇಳೋದೇ ಕಾನ್ವೆಕ್ಸಿಟಿಯ ಕೆಲಸ.

ಕಾರ್ತಿಕ್, ಸೂತ್ರ ಸರಿ ಇದೆ. ಕೊನೆಯ ಎರಡು ಮಾತಿನ ಬಗ್ಗೆ ನನ್ನ ತಕರಾರಿದೆ, ಆಮೇಲೆ ಬರೆಯುತ್ತೇನೆ.

---

ದುರ್ಗದ ಗಣಿತ ಟೀಚರ್

ನಾನು ಚಿತ್ರದುರ್ಗದಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಡೀಲರ್ ಸರ್ ಹೇಳಿದ್ದನ್ನು ನಮ್ಮ ಕೋಟೆಯ ಮೇಲೆ ನಿಂತು ನೋಡಬಹುದು. ಬಂಡೆಯ ತುದಿಯಿಂದ ಕೆಳಗೆ ಇಳಿಯುವಾಗ ಮೊದಲ ಹೆಜ್ಜೆಗಳು ಕಡಿದಾಗಿರುತ್ತವೆ. ಕೆಳಗೆ ಬಂದ ಹಾಗೆ ನೆಲ ಸಪಾಟಾಗುತ್ತದೆ. ತುದಿಯಲ್ಲಿ ಪಾದದ ಕೆಳಗಿನ ಇಳಿಜಾರನ್ನಷ್ಟೇ ನೋಡಿ "ನೂರು ಹೆಜ್ಜೆ ಹೋದರೆ ಇಷ್ಟು ಅಡಿ ಕೆಳಗೆ ಇರುತ್ತೇನೆ" ಅಂದರೆ, ನಿಜಕ್ಕಿಂತ ಆಳವನ್ನೇ ಹೇಳಿದ ಹಾಗಾಗುತ್ತದೆ. ಸವಿತಾ ಅವರಿಗೆ ಆದದ್ದು ಅದೇ.

ಸೂತ್ರ ಬೇಡ ಅನ್ನುವವರಿಗೆ ಒಂದು ದಾರಿ. 7%ರಲ್ಲಿ ಇಳಿಜಾರು 1%ಗೆ 12.47 ರೂಪಾಯಿ. 9%ರಲ್ಲಿ ಡ್ಯುರೇಷನ್ 10.69, ಬೆಲೆ 79.36, ಗುಣಿಸಿದರೆ 8.48 ರೂಪಾಯಿ. ಎರಡರ ಸರಾಸರಿ 10.48. ಎರಡು ಹೆಜ್ಜೆಗೆ 20.95. ನಿಜವಾದ 20.64ಕ್ಕೆ ಎಷ್ಟು ಹತ್ತಿರ ಬಂತು ನೋಡಿ. ಮೊದಲ ಹೆಜ್ಜೆಯ ಇಳಿಜಾರಿನ ಬದಲು ಮಧ್ಯದ ಇಳಿಜಾರನ್ನು ಹಿಡಿದೆವು, ಅಷ್ಟೇ.

---

ಲೆಕ್ಕದ ಸವಿತಾ

ಟೀಚರ್, ಕೋಟೆ ಮಾತು ಓದಿದ ತಕ್ಷಣ ಅರ್ಥ ಆಯಿತು. ಸ್ಕೂಲಿನಿಂದ ಕರೆದುಕೊಂಡು ಹೋದಾಗ ಆ ಬಂಡೆ ಮೇಲೆ ಕೂತು ಜಾರಿಕೊಂಡು ಇಳಿದದ್ದು ಇನ್ನೂ ನೆನಪಿದೆ.

ಈಗ ಕಾರ್ತಿಕ್ ಅವರ ಸೂತ್ರ ಹಾಕಲು ಹೋಗಿ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ವೆಬ್‌ಸೈಟಿನ ಬಾಂಡ್ ಕ್ಯಾಲ್ಕ್ಯುಲೇಟರ್‌ನಲ್ಲಿ ಇದೇ ವಿವರ ಹಾಕಿದರೆ ಕಾನ್ವೆಕ್ಸಿಟಿ 2.51 ಅಂತ ತೋರಿಸುತ್ತದೆ. ಅದನ್ನು ಹಾಕಿದರೆ ½ × 2.51 × 0.0004, ಅಂದರೆ 0.05%. ನಷ್ಟ 24.94 ಹೋಗಿ 24.89 ಆಯಿತು. ಇದರಿಂದ ಏನು ಬಂತು?

---

ನಿವೃತ್ತ ಡೀಲರ್

ಇದು ಎಲ್ಲರೂ ಒಮ್ಮೆ ಬೀಳುವ ಗುಂಡಿ. ಆ ವೆಬ್‌ಸೈಟ್ ಕಾನ್ವೆಕ್ಸಿಟಿಯನ್ನು 100ರಿಂದ ಭಾಗಿಸಿ ತೋರಿಸುತ್ತಿದೆ. ನಿಮ್ಮ ಬಾಂಡಿನ ಕಾನ್ವೆಕ್ಸಿಟಿ 251. ಕೆಲವರು 100ರಿಂದ ಭಾಗಿಸುತ್ತಾರೆ, ಕೆಲವರು ಆ ½ ಅನ್ನು ಒಳಗೇ ಸೇರಿಸಿ 125.6 ಅಂತ ಕೊಡುತ್ತಾರೆ. ಹೆಸರು ಮಾತ್ರ ಎಲ್ಲ ಕಡೆ ಒಂದೇ.

ಕಂಡುಹಿಡಿಯೋದು ಹೇಗೆ? ಡ್ಯುರೇಷನ್ನನ್ನು ಅದರಿಂದಲೇ ಗುಣಿಸಿ. 12.47 × 12.47 ಅಂದರೆ 155.5. ಅವಧಿಗೆ ಮುಂಚೆ ವಾಪಸ್ ಕರೆಯುವ ಷರತ್ತು ಇಲ್ಲದ ಸಾದಾ ಬಾಂಡಿನಲ್ಲಿ ಕಾನ್ವೆಕ್ಸಿಟಿ ಇದಕ್ಕಿಂತ ಜಾಸ್ತಿಯೇ ಇರಬೇಕು. 2.51 ಬಂದರೂ, 125.6 ಬಂದರೂ, 155ಕ್ಕಿಂತ ಕಡಿಮೆ. ಹಾಗಾದರೆ ಅದು ಬೇರೆ ಅಳತೆಯಲ್ಲಿದೆ ಅಂತ ಗೊತ್ತಾಯಿತು.

ಯಾರ ಸಂಖ್ಯೆಯೂ ಬೇಡ ಅಂದರೆ ನೀವೇ ತೆಗೆಯಬಹುದು. 6%, 8%ರ ಬೆಲೆ ಕೂಡಿಸಿ, 7%ರ ಬೆಲೆಯ ಎರಡರಷ್ಟನ್ನು ಕಳೆಯಿರಿ:

```
=(113.838+88.688-2*100)/(100*0.01^2)
```

252.6 ಬರುತ್ತದೆ. ಹೆಜ್ಜೆ 1%ರಷ್ಟು ದೊಡ್ಡದಾದ್ದರಿಂದ 251ಕ್ಕಿಂತ ತುಸು ಮೇಲೆ ನಿಂತಿದೆ. ಕೆಲಸಕ್ಕೆ ಸಾಕು.

ಈಗ ಹಾಕಿ ನೋಡಿ. ½ × 251 × 0.0004, ಅಂದರೆ 5.02%. ಏರಿಕೆಗೆ: −24.94 + 5.02, ಅಂದರೆ −19.92. ನಿಜ −20.64. ಇಳಿಕೆಗೆ: +24.94 + 5.02, ಅಂದರೆ +29.96. ನಿಜ +30.91. ಡ್ಯುರೇಷನ್ ಒಂದೇ ಇದ್ದಾಗ 4 ರೂಪಾಯಿ 30 ಪೈಸೆ, 5 ರೂಪಾಯಿ 97 ಪೈಸೆ ತಪ್ಪಿತ್ತು. ಈಗ ಎರಡೂ ಕಡೆ ಒಂದು ರೂಪಾಯಿಯ ಒಳಗೆ ಬಂತು.

---

ಕಾರ್ತಿಕ್ ಎಸ್

ಸರ್, ಒಂದು ಸಂದೇಹ. 2% ಏರಿಕೆ ಒಂದೇ ದಿನದಲ್ಲಿ ಆಗೋದಿಲ್ಲ. ರಿಸರ್ವ್ ಬ್ಯಾಂಕ್ ರೆಪೊ ದರವನ್ನು 4%ರಿಂದ 6.5%ಕ್ಕೆ ತಂದಾಗ 2022ರ ಮೇ ತಿಂಗಳಿಂದ 2023ರ ಫೆಬ್ರವರಿವರೆಗೆ ಹಿಡಿಯಿತು. ಮಾರುಕಟ್ಟೆಯ ಯೀಲ್ಡ್ ದಿನಕ್ಕೆ 0.04%, 0.05% ಅಷ್ಟೇ ಆಡುತ್ತದೆ. ಹಾಗಾದರೆ ದಿನದಿನದ ಸಣ್ಣ ಬದಲಾವಣೆಗೆ ಡ್ಯುರೇಷನ್ ಸಾಕಲ್ಲ? ಕಾನ್ವೆಕ್ಸಿಟಿ ಬರೀ ಪರೀಕ್ಷೆಗೆ ಅಂತ ನಮ್ಮ ಕ್ಲಾಸಿನಲ್ಲಿ ಎಲ್ಲರೂ ಹೇಳುತ್ತಾರೆ.

---

ನಿವೃತ್ತ ಡೀಲರ್

ಒಳ್ಳೆಯ ಪ್ರಶ್ನೆ. ಅರ್ಧ ನಿಮ್ಮದು ಸರಿ.

ಯೀಲ್ಡ್ ಕಾಲು ಪರ್ಸೆಂಟ್ ಆಡಿದರೆ ಡ್ಯುರೇಷನ್ ಭಾಗ 3.12%. ಕಾನ್ವೆಕ್ಸಿಟಿ ಭಾಗ 0.08%, ಅಂದರೆ ನೂರು ರೂಪಾಯಿಗೆ ಎಂಟು ಪೈಸೆ. ಸಣ್ಣ ಮೊತ್ತದಲ್ಲಿ ಮಾರುವವರಿಗೆ ಕೊಳ್ಳುವ ಬೆಲೆ ಮತ್ತು ಮಾರುವ ಬೆಲೆಯ ನಡುವಿನ ಅಂತರವೇ ಅದಕ್ಕಿಂತ ಜಾಸ್ತಿ ಇರಬಹುದು. ಅಲ್ಲಿ ಕಾನ್ವೆಕ್ಸಿಟಿ ಮರೆತರೆ ಏನೂ ಆಗೋದಿಲ್ಲ.

ಆದರೆ 2% ಅಂದರೆ ಕಾಲು ಪರ್ಸೆಂಟಿನ ಎಂಟು ಪಟ್ಟು. ಡ್ಯುರೇಷನ್ ಭಾಗ ಎಂಟು ಪಟ್ಟು ಆಗುತ್ತದೆ. ಕಾನ್ವೆಕ್ಸಿಟಿ ಭಾಗ ಎಂಟರ ಎಂಟು ಪಟ್ಟು, ಅರವತ್ತನಾಲ್ಕು ಪಟ್ಟು. ಎಂಟು ಪೈಸೆ ಇದ್ದದ್ದು ಐದು ರೂಪಾಯಿ. ಸಣ್ಣದರಲ್ಲಿ ಕಾಣಿಸದ್ದು ದೊಡ್ಡದರಲ್ಲಿ ಎದ್ದು ನಿಲ್ಲುವುದು ಹೀಗೆ.

ಇನ್ನು "ಒಂದೇ ದಿನ ಆಗೋದಿಲ್ಲ" ಅನ್ನುವ ಮಾತು. ನಿಧಾನವಾಗಿ ಏರಿದರೂ ಯೀಲ್ಡ್ ಮುಟ್ಟುವ ಜಾಗ ಅದೇ 9%. ದಿನವೂ ಹೊಸ ಬೆಲೆ, ಹೊಸ ಡ್ಯುರೇಷನ್ ತೆಗೆದು ಕೂಡಿಸುತ್ತಾ ಹೋದರೆ ನಿಮ್ಮ ಉತ್ತರ ಸರಿ ಬರುತ್ತದೆ. ಯಾಕೆಂದರೆ ಇಳಿಜಾರು ಬದಲಾದ ಹಾಗೆ ನೀವೂ ಬದಲಾಯಿಸುತ್ತಿದ್ದೀರಿ. ಕಾನ್ವೆಕ್ಸಿಟಿಯನ್ನು ಬಿಟ್ಟಿಲ್ಲ, ದಿನಕ್ಕೆ ಒಂದಿಷ್ಟು ಕೈಯಾರೆ ಹಾಕಿದ್ದೀರಿ. ತಪ್ಪಾಗೋದು ಹಳೇ ಡ್ಯುರೇಷನ್ನನ್ನೇ ಹಿಡಿದು ಕೂತಾಗ. "ಬಡ್ಡಿ 2% ಏರಿದರೆ ಏನು" ಅಂತ ಇವತ್ತೇ ಕೂತು ಕೇಳುವ ಸವಿತಾ ಅವರಂಥವರಿಗೆ ಬೇರೆ ದಾರಿಯಿಲ್ಲ, ಒಂದೇ ನೆಗೆತದಲ್ಲಿ ಲೆಕ್ಕ ಹಾಕಬೇಕು.

ಜೀರೋ ಕೂಪನ್ ಬಗ್ಗೆ. ಒಂದೇ ಅವಧಿಯ ಎರಡು ಬಾಂಡ್ ಹೋಲಿಸಿದರೆ ಜೀರೋ ಕೂಪನ್‌ಗೆ ಕಾನ್ವೆಕ್ಸಿಟಿ ಜಾಸ್ತಿ, ನಿಜ. ಆದರೆ ಅದಕ್ಕೆ ಡ್ಯುರೇಷನ್ನೂ ಜಾಸ್ತಿ, ಪೆಟ್ಟೂ ಜಾಸ್ತಿ. ಹೋಲಿಸಬೇಕಾದದ್ದು ಒಂದೇ ಡ್ಯುರೇಷನ್ ಇರುವ ಎರಡನ್ನು. 12.47 ಡ್ಯುರೇಷನ್ ಬೇಕಾದರೆ ಜೀರೋ ಕೂಪನ್ ಬಾಂಡಿನ ಅವಧಿ ಸುಮಾರು 12.9 ವರ್ಷ ಇರಬೇಕು. ಅದರ ಕಾನ್ವೆಕ್ಸಿಟಿ 162. ಸವಿತಾ ಅವರ ಕೂಪನ್ ಬಾಂಡಿನದು 251. ಯೀಲ್ಡ್ 9% ಆದರೆ ಜೀರೋ 21.98% ಬೀಳುತ್ತದೆ, ಕೂಪನ್ ಬಾಂಡ್ 20.64%. 5% ಆದರೆ ಜೀರೋ 28.5% ಏರುತ್ತದೆ, ಕೂಪನ್ ಬಾಂಡ್ 30.9%. ಜೀರೋದಲ್ಲಿ ದುಡ್ಡೆಲ್ಲ ಒಂದೇ ದಿನ ಬರುತ್ತದೆ. ಕೂಪನ್ ಬಾಂಡಿನಲ್ಲಿ ಆರು ತಿಂಗಳಿಂದ 30 ವರ್ಷದವರೆಗೆ ಹರಡಿಕೊಂಡಿದೆ. ಹತ್ತಿರ ಮತ್ತು ದೂರ ಎರಡೂ ಇದ್ದಾಗಲೇ ಪಾಲು ಅತ್ತಿತ್ತ ಸರಿಯುವುದು.

---

ಕಾರ್ತಿಕ್ ಎಸ್

ಇದನ್ನು ನಾನು ಪೂರ್ತಿ ಉಲ್ಟಾ ತಿಳಿದಿದ್ದೆ ಸರ್. ಥ್ಯಾಂಕ್ಸ್. ಆದರೆ "ಎರಡೂ ಕಡೆ ಅನುಕೂಲ" ಅನ್ನೋದು ಸರಿ ತಾನೇ? ಒಂದೇ ಡ್ಯುರೇಷನ್ ಇದ್ದರೆ ಜಾಸ್ತಿ ಕಾನ್ವೆಕ್ಸಿಟಿ ಇರುವುದೇ ಒಳ್ಳೆಯದಲ್ವಾ?

---

ನಿವೃತ್ತ ಡೀಲರ್

ಎರಡಕ್ಕೂ ಯೀಲ್ಡ್ ಒಂದೇ ಇದ್ದರೆ ಹೌದು. ಆದರೆ ಮಾರುವವನಿಗೂ ಇದು ಗೊತ್ತಿದೆ. ಅವನು ಬೆಲೆ ತುಸು ಜಾಸ್ತಿ ಕೇಳುತ್ತಾನೆ, ಅಂದರೆ ಯೀಲ್ಡ್ ತುಸು ಕಡಿಮೆ ಕೊಡುತ್ತಾನೆ. ಬಡ್ಡಿ ಅಲುಗಾಡದೆ ವರ್ಷ ಕಳೆದರೆ ನೀವು ಆ ಕಡಿಮೆ ಯೀಲ್ಡಿನ ನಷ್ಟ ಉಣ್ಣುತ್ತೀರಿ. ದೊಡ್ಡದಾಗಿ ಅಲುಗಾಡಿದರೆ ಗೆಲ್ಲುತ್ತೀರಿ. ಕೊಟ್ಟ ಬೆಲೆ ಸರಿಯೇ ಅನ್ನೋದು ಮುಂದೆ ಬಡ್ಡಿ ಎಷ್ಟು ಆಡುತ್ತದೆ ಅನ್ನೋದರ ಮೇಲೆ ನಿಂತಿದೆ.

---

ಹರಿಹರದ ಮಂಜಣ್ಣ

ನಾನು ಇವೆಲ್ಲ ಓದಿಕೊಂಡವನಲ್ಲ. ಆದರೆ "ಬಡ್ಡಿ ಇಳಿದರೆ ಲಾಭ ಜಾಸ್ತಿ" ಅನ್ನೋದು ನನಗೆ ಸುಳ್ಳಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಒಂದು ಕಂಪನಿಯ 9.5% ಬಾಂಡ್ ತಗೊಂಡಿದ್ದೆ, ಹತ್ತು ವರ್ಷದ್ದು. ಮಾರಿದವರು "ಬಡ್ಡಿ ಇಳಿದರೆ ಬೆಲೆ ಚೆನ್ನಾಗಿ ಏರುತ್ತೆ" ಅಂದಿದ್ದರು. ಬಡ್ಡಿ ಇಳಿಯಿತು. ನನ್ನ ಬಾಂಡ್ ಮಾತ್ರ 101 ದಾಟಲೇ ಇಲ್ಲ. ಐದನೇ ವರ್ಷಕ್ಕೆ ಕಂಪನಿಯವರು 100 ರೂಪಾಯಿ ಲೆಕ್ಕದಲ್ಲಿ ದುಡ್ಡು ವಾಪಸ್ ಕೊಟ್ಟು ಮುಗಿಸಿದರು. ಮಗಳ ಮದುವೆಗೆ ಅಂತ ಇಟ್ಟಿದ್ದ ದುಡ್ಡು. ಆಮೇಲೆ ಅಷ್ಟು ಬಡ್ಡಿ ಎಲ್ಲೂ ಸಿಗಲಿಲ್ಲ. ನನಗೆ ಮೋಸ ಆಯಿತೇ?

---

ನಿವೃತ್ತ ಡೀಲರ್

ಮಂಜಣ್ಣ, ಕಾಗದದಲ್ಲಿ "ಕಾಲ್ ಆಪ್ಷನ್" ಅಂತ ಒಂದು ಸಾಲು ಇದ್ದಿರಬೇಕು. ಕಂಪನಿ ಬೇಕಾದಾಗ 100 ಕೊಟ್ಟು ಬಾಂಡ್ ವಾಪಸ್ ಪಡೆಯುವ ಹಕ್ಕು ಅದು. ನಿಮಗೆ ಅದನ್ನು ಬಾಯಿಬಿಟ್ಟು ಹೇಳದೆ ಮಾರಿದ್ದರೆ ಅದು ತಪ್ಪೇ.

ಹಾಗೆ ಕರೆಯುವ ಹಕ್ಕು ಇದ್ದರೆ ಬಡ್ಡಿ ಇಳಿದಾಗ ಬೆಲೆ 100ರ ಹತ್ತಿರವೇ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಯಾರೂ 112 ಕೊಟ್ಟು, ನಾಳೆ 100ಕ್ಕೆ ಕರೆಯಬಹುದಾದ ಬಾಂಡ್ ಕೊಳ್ಳುವುದಿಲ್ಲ. ಬಡ್ಡಿ ಏರಿದರೆ ಮಾತ್ರ ಬೇರೆ ಬಾಂಡಿನ ಹಾಗೆಯೇ ಬೀಳುತ್ತದೆ, ಯಾಕೆಂದರೆ ಆಗ ಕಂಪನಿ ಕರೆಯುವುದಿಲ್ಲ. ಸಾದಾ ಬಾಂಡಿಗೆ ಇರುವ ಅನುಕೂಲ ಇಲ್ಲಿ ಕಂಪನಿಯ ಕಡೆ ಹೋಗಿದೆ. ಅಲ್ಲಿ ಕಾನ್ವೆಕ್ಸಿಟಿ ಮೈನಸ್. ನಾನು ಮೇಲೆ ಹೇಳಿದ 155ರ ಪರೀಕ್ಷೆಯೂ ಅಲ್ಲಿ ನಡೆಯುವುದಿಲ್ಲ. ಆ 9.5%ರಲ್ಲಿ ಸ್ವಲ್ಪ ಭಾಗ ಈ ಹಕ್ಕಿನ ಬೆಲೆಯಾಗಿಯೇ ನಿಮಗೆ ಬಂದಿತ್ತು.

ಸವಿತಾ, ನಿಮ್ಮ ತಂದೆ ನೋಡುತ್ತಿರುವುದು ಸಾದಾ ಸರ್ಕಾರಿ ಬಾಂಡ್ ಆಗಿದ್ದರೆ ಈ ಭಯ ಇಲ್ಲ. ಕೊಳ್ಳುವ ಮುಂಚೆ ಕಾಗದ ಒಮ್ಮೆ ನೋಡಿ.

---

ದುರ್ಗದ ಗಣಿತ ಟೀಚರ್

ಸರ್, ನನ್ನದೊಂದು ತಕರಾರು. ಡ್ಯುರೇಷನ್ ಜೊತೆ ಕಾನ್ವೆಕ್ಸಿಟಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಭಾವನೆ ಬರಬಾರದು. ಅದೂ ಒಂದು ಅಂದಾಜೇ. ನೇರ ಗೆರೆಯ ಬದಲು ಬಾಗಿದ ಗೆರೆ ಹಾಕಿದೆವು, ಅಷ್ಟೇ.

ಆಸ್ಟ್ರಿಯಾ ದೇಶ 2020ರಲ್ಲಿ 100 ವರ್ಷದ ಬಾಂಡ್ ಹೊರಡಿಸಿತು, ಕೂಪನ್ ಬರೀ 0.85%, ವರ್ಷಕ್ಕೊಮ್ಮೆ. ಯೀಲ್ಡ್ ಕೂಡ 0.85% ಅಂತ ಹಿಡಿದು ಲೆಕ್ಕ ಹಾಕಿದೆ. ಡ್ಯುರೇಷನ್ 67. ಯೀಲ್ಡ್ 2% ಏರಿದರೆ ಬೆಲೆ 134% ಇಳಿಯಬೇಕು! ಅಂದರೆ 100ರ ಬಾಂಡ್ ಸೊನ್ನೆಗಿಂತ ಕೆಳಗೆ, ಮೈನಸ್ 34. ಸಾಲ ಕೊಟ್ಟವನೇ ಮೇಲೆ ದುಡ್ಡು ಕೊಡಬೇಕಾದ ಹಾಗೆ. ಇದು ಸಾಧ್ಯವೇ ಇಲ್ಲ. ಡ್ಯುರೇಷನ್ ಎಲ್ಲಿ ಮುರಿದುಬೀಳುತ್ತದೆ ಅಂತ ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಈಗ ಕಾನ್ವೆಕ್ಸಿಟಿ ಸೇರಿಸೋಣ. ಅದು ಸುಮಾರು 5800. ತಿದ್ದುಪಡಿ 116%. ಒಟ್ಟು −134 + 116, ಅಂದರೆ −18. ಬೆಲೆ 82. ನಿಜವಾದ ಬೆಲೆ ನೇರವಾಗಿ ತೆಗೆದರೆ 34! ಮೊದಲು ಕೆಳಗೆ ತಪ್ಪಿತು, ಈಗ ಮೇಲಕ್ಕೆ ತಪ್ಪಿತು. ಎರಡನೇ ತಪ್ಪು ಸಣ್ಣದೇನಲ್ಲ. ಸವಿತಾ ಅವರ ಬಾಂಡಿನಲ್ಲೂ ಗಮನಿಸಿ: ಏರಿಕೆಗೆ 19.92 ಬಂತು, ನಿಜ 20.64. ಕಾನ್ವೆಕ್ಸಿಟಿಯೂ ಯೀಲ್ಡ್ ಏರಿದ ಹಾಗೆ ಕಡಿಮೆಯಾಗುತ್ತದೆ, ನಾವು ಅದನ್ನು ನಿಂತದ್ದು ಅಂತ ಹಿಡಿದೆವು. ಹಾಗಾಗಿ ನಷ್ಟವನ್ನು ಸ್ವಲ್ಪ ಕಡಿಮೆ ತೋರಿಸಿತು. ಭಯಪಡಬೇಕಾದ ಕಡೆಗೇ ಧೈರ್ಯ ಹೇಳಿದ ಹಾಗೆ.

---

ಲೆಕ್ಕದ ಸವಿತಾ

ಹಾಗಾದರೆ ಸುಮ್ನೆ PV ಹಾಕಿ ನಿಜವಾದ ಬೆಲೆಯನ್ನೇ ತೆಗೆಯಬಹುದಲ್ಲ? ಡ್ಯುರೇಷನ್, ಕಾನ್ವೆಕ್ಸಿಟಿ ಎರಡೂ ಯಾಕೆ ಬೇಕು?

---

ನಿವೃತ್ತ ಡೀಲರ್

ನಿಮ್ಮ ಹತ್ತಿರ ಒಂದೇ ಬಾಂಡ್ ಇದ್ದು, ಯಾವ ದಿನ ಎಷ್ಟು ದುಡ್ಡು ಬರುತ್ತದೆ ಅಂತ ಗೊತ್ತಿದ್ದರೆ ಖಂಡಿತ PV ಹಾಕಿ. ನಾನೂ ಅದನ್ನೇ ಮಾಡುತ್ತೇನೆ. ಟೀಚರ್ ಹೇಳಿದ ಆಸ್ಟ್ರಿಯಾ ಬಾಂಡಿನಂಥದ್ದಕ್ಕೆ ಬೇರೆ ದಾರಿಯೇ ಇಲ್ಲ.

ಕಾನ್ವೆಕ್ಸಿಟಿ ಬೇಕಾಗೋದು ಬೇರೆ ಕಡೆ. ಬ್ಯಾಂಕಿನಲ್ಲಿ ನಮ್ಮ ಹತ್ತಿರ ನೂರಾರು ಬಾಂಡ್ ಇರುತ್ತಿದ್ದವು. ಪ್ರತಿಯೊಂದರ ಡ್ಯುರೇಷನ್, ಕಾನ್ವೆಕ್ಸಿಟಿಯನ್ನು ಅದರ ಮೊತ್ತದ ಪಾಲಿನ ಪ್ರಕಾರ ಕೂಡಿಸಿದರೆ ಇಡೀ ಕಟ್ಟಿಗೆ ಎರಡೇ ಸಂಖ್ಯೆ ಸಿಗುತ್ತದೆ. ಒಂದು ಬೆಳಗ್ಗೆ ಎರಡು ಕಟ್ಟುಗಳ ಡ್ಯುರೇಷನ್ ಒಂದೇ ಕಂಡಿತು. ಒಂದರಲ್ಲಿ ಎಲ್ಲ ಹತ್ತು ವರ್ಷದ ಆಸುಪಾಸಿನವು. ಇನ್ನೊಂದರಲ್ಲಿ ಅರ್ಧ ಎರಡು ವರ್ಷದ್ದು, ಅರ್ಧ ಮೂವತ್ತರದ್ದು. ಡ್ಯುರೇಷನ್ ಮಾತ್ರ ನೋಡಿದ್ದರೆ ಎರಡೂ ಒಂದೇ ಅಂತ ಹೇಳಿಬಿಡುತ್ತಿದ್ದೆವು. ಕಾನ್ವೆಕ್ಸಿಟಿ ನೋಡಿದ ಮೇಲೆ ಎರಡೂ ಬೇರೆ ಪ್ರಾಣಿ ಅಂತ ತಿಳಿಯಿತು.

---

ದುರ್ಗದ ಗಣಿತ ಟೀಚರ್

ಆ ಎರಡನೇ ಕಟ್ಟಿನ ಬಗ್ಗೆಯೇ ನನ್ನ ಪ್ರಶ್ನೆ ಇರೋದು. ಸೂತ್ರವೆಲ್ಲ ಎರಡು ವರ್ಷದ ಯೀಲ್ಡೂ ಮೂವತ್ತು ವರ್ಷದ ಯೀಲ್ಡೂ ಒಟ್ಟಿಗೆ ಅಷ್ಟೇ ಏರುತ್ತದೆ ಅಂತ ಹಿಡಿಯುತ್ತದೆ. ನಿಜದಲ್ಲಿ ಹಾಗಾಗುತ್ತದೆಯೇ? ರೆಪೊ 2.5% ಏರಿದಾಗ ದೊಡ್ಡ ಅವಧಿಯ ಬಾಂಡಿನ ಯೀಲ್ಡ್ ಅಷ್ಟು ಏರಲಿಲ್ಲ. ಹತ್ತು ವರ್ಷದ ಸರ್ಕಾರಿ ಬಾಂಡ್ 2020ರ ಮಧ್ಯದಲ್ಲಿ 6% ಆಸುಪಾಸಿನಲ್ಲಿತ್ತು, 2022ರ ಜೂನ್‌ನಲ್ಲಿ 7.5% ಮುಟ್ಟಿತು. ಒಂದೂವರೆ ಅಷ್ಟೇ. ಹಾಗಿರುವಾಗ ಸವಿತಾ ಅವರು 30 ವರ್ಷದ ಬಾಂಡಿಗೆ 2% ಏರಿಕೆ ಹಾಕೋದು ಸರಿಯೇ?

---

ನಿವೃತ್ತ ಡೀಲರ್

ನನ್ನ ಅಭಿಪ್ರಾಯದಲ್ಲಿ ಹಾಕಬೇಕು. 62 ವರ್ಷದವರ ದುಡ್ಡು. ಸರಾಸರಿ ವರ್ಷಕ್ಕೆ ಅಂತ ಹಾಳೆ ಬರೆಯುತ್ತಿಲ್ಲ, ಕೆಟ್ಟ ವರ್ಷಕ್ಕೆ ಬರೆಯುತ್ತಿದ್ದಾರೆ. ನೀವು 1% ಸಾಕು ಅನ್ನಬಹುದು, ಅದರಲ್ಲೂ ಅರ್ಥವಿದೆ.

---

ದುರ್ಗದ ಗಣಿತ ಟೀಚರ್

ನಾನು 1%, 1.5% ಎರಡನ್ನೂ ಹಾಕಿ, 2% ಅನ್ನು ಕೊನೆಯಲ್ಲಿ ಬೇರೆಯಾಗಿ ಬರೆಯಿರಿ ಅನ್ನುತ್ತೇನೆ. ಒಂದೇ ದೊಡ್ಡ ಸಂಖ್ಯೆ ನೋಡಿದರೆ ಹಿರಿಯರು ಹೆದರಿ ಏನೂ ಮಾಡದೇ ಕೂತುಬಿಡುತ್ತಾರೆ. ಈ ವಿಷಯದಲ್ಲಿ ಸರ್‌ಗೂ ನನಗೂ ಹೊಂದುವುದಿಲ್ಲ ಅಂತ ಕಾಣುತ್ತದೆ.

---

ಲೆಕ್ಕದ ಸವಿತಾ

ನಿನ್ನೆ ರಾತ್ರಿ ಹಾಳೆ ಹೊಸದಾಗಿ ಬರೆದೆ. ಡ್ಯುರೇಷನ್ ಸಾಲು ತೆಗೆದು, 5ರಿಂದ 9%ರವರೆಗಿನ ಐದು ಬೆಲೆ ಬರೆದೆ, ಪಕ್ಕದಲ್ಲಿ 20 ಲಕ್ಷಕ್ಕೆ ಎಷ್ಟು ಅಂತ: 26.18 ಲಕ್ಷ, 22.77, 20, 17.74, 15.87. ಊಟ ಆದಮೇಲೆ ಅಪ್ಪಾಜಿ ಕನ್ನಡಕ ಹಾಕಿಕೊಂಡು ಕೂತು ಪೆನ್ಸಿಲ್‌ನಿಂದ ಪಕ್ಕಪಕ್ಕದ ಸಂಖ್ಯೆ ಕಳೆದು ಬರೆದರು. "ಇಳಿಯುವಾಗ ಮೊದಲು 2.26 ಲಕ್ಷ, ಆಮೇಲೆ 1.87 ಲಕ್ಷ. ಏರುವಾಗ ಮೊದಲು 2.77, ಆಮೇಲೆ 3.41. ಇದು ಯಾಕಮ್ಮಾ ಹೀಗೆ?" ಅಂದರು. ನಾನು ಟೀಚರ್ ಹೇಳಿದ ಕೋಟೆಯ ಕಥೆ ಹೇಳಿದೆ.

ಆಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳಿದರು, ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಐದು ವರ್ಷ ಬಿಟ್ಟು ಮಾರಿದರೆ ಬಾಂಡಿಗೆ ಉಳಿದಿರೋದು 25 ವರ್ಷ, ಆಗ ಈ ಸಂಖ್ಯೆಗಳೆಲ್ಲ ಎಷ್ಟಾಗುತ್ತವೆ ಅಂತ. ಸೂತ್ರದಲ್ಲಿ 60 ಇದ್ದ ಜಾಗಕ್ಕೆ 50 ಹಾಕಿದರೆ ಸಾಕಾ ಸರ್, ಅಥವಾ ಬೇರೆ ಏನಾದರೂ ನೋಡಬೇಕಾ?

---

ನಿವೃತ್ತ ಡೀಲರ್

50 ಹಾಕಿ, ಸಾಕು. ಜೊತೆಗೆ ಅಷ್ಟರಲ್ಲಿ ಕೈಗೆ ಬಂದ ಹತ್ತು ಕೂಪನ್, ಒಟ್ಟು 7 ಲಕ್ಷ, ಅದನ್ನೂ ಪಕ್ಕದಲ್ಲಿ ಬರೆಯಿರಿ. ಸಂಖ್ಯೆ ಬಂದಮೇಲೆ ಇಲ್ಲೇ ಹಾಕಿ, ನೋಡೋಣ.